ಪ್ಲಾನಿನಲ್ಲಿ ಇದೆ, ಟಿವಿಯಲ್ಲಿ ಇಲ್ಲ: ಮುಂಬೈನ ಒಂದು ಮನೆಯ ಬ್ರಾಡ್‌ಬ್ಯಾಂಡ್ ಪ್ರಕರಣ

ಹಿನ್ನೆಲೆ

ಮುಂಬೈನ ಪೂರ್ವ ಉಪನಗರದ ಒಂದು ಸೊಸೈಟಿಯಲ್ಲಿ ನಡೆದದ್ದು ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಕಟ್ಟಡ, ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಯಜಮಾನರನ್ನು ರಾಯರು ಎನ್ನೋಣ. ಉಡುಪಿ ಕಡೆಯವರು, ನಿವೃತ್ತರು. ಮನೆಯಲ್ಲಿ ಅವರು ಮತ್ತು ಹೆಂಡತಿ ಇಬ್ಬರೇ. ಹೆಂಡತಿಯನ್ನು ಅಮ್ಮ ಎನ್ನೋಣ. ಮಗ, ಸೊಸೆ ಬೆಂಗಳೂರಿನಲ್ಲಿ.

ಈ ಮನೆಯಲ್ಲಿ ಹಳೇ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇತ್ತು. ಮಳೆಗಾಲ ಬಂದರೆ ಗರಗರ ಸದ್ದು, ಆಮೇಲೆ ಪೂರ್ತಿ ಸತ್ತೇ ಹೋಗುತ್ತಿತ್ತು. ಟಿವಿಗೆ ಕೇಬಲ್. ಅದರಲ್ಲಿ ಕನ್ನಡ ಚಾನೆಲ್‌ಗಳಿಗೆ ಬೇರೆ ದುಡ್ಡು. ಅಮ್ಮನಿಗೆ ಝೀ ಕನ್ನಡದ ಧಾರಾವಾಹಿ ಬೇಕು, ಉದಯದಲ್ಲಿ ಬರುವ ಹಳೇ ಸಿನಿಮಾ ಬೇಕು. ರಾಯರಿಗೆ ಕ್ರಿಕೆಟ್ ಇದ್ದರೆ ಸಾಕು.

ಒಂದು ದಿನ ಸೊಸೈಟಿಯ ಗೇಟಿನ ಹತ್ತಿರ ಒಂದು ಬ್ರಾಡ್‌ಬ್ಯಾಂಡ್ ಕಂಪನಿಯವರು ಮೇಜು ಹಾಕಿ ಕೂತರು. ಫೈಬರ್ ಇಂಟರ್ನೆಟ್, ಲ್ಯಾಂಡ್‌ಲೈನ್, ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಓಟಿಟಿ ಆ್ಯಪ್, ಎಲ್ಲಾ ಒಂದೇ ಬಿಲ್ಲಿನಲ್ಲಿ. ರಾಯರು ಮಗನಿಗೆ ಫೋನ್ ಮಾಡಿದರು. ಮಗ ಬೆಂಗಳೂರಿನಿಂದಲೇ ಕಂಪನಿಯ ಆ್ಯಪ್‌ನಲ್ಲಿ ಬುಕ್ ಮಾಡಿದ. ತಿಂಗಳಿಗೆ 999 ರೂಪಾಯಿಯ ಪ್ಲಾನೂ ಇತ್ತು, 1499ರದ್ದೂ ಇತ್ತು. ದೊಡ್ಡದರಲ್ಲಿ ನೆಟ್‌ಫ್ಲಿಕ್ಸ್ ಇದೆ ಎಂದು ಅದನ್ನೇ ಆರಿಸಿದ. 18 ಪರ್ಸೆಂಟ್ ಜಿಎಸ್‌ಟಿ ಸೇರಿ ಬಿಲ್ 1768 ರೂಪಾಯಿ 82 ಪೈಸೆ. ಬುಕ್ ಮಾಡುವಾಗ ಮೊಬೈಲ್ ನಂಬರ್ ಕೇಳಿದ ಕಡೆ ತನ್ನದೇ ನಂಬರ್ ಹಾಕಿದ. ಬಿಲ್ ತಾನೇ ಕಟ್ಟುವುದು, ಮೆಸೇಜ್ ತನಗೇ ಬರಲಿ ಎಂಬ ಒಳ್ಳೆಯ ಉದ್ದೇಶ. ಮುಂದಿನ ತೊಂದರೆಯಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಆ ಒಂದು ನಂಬರಿನಿಂದ.

ಸಮಸ್ಯೆ

ಇಂಟರ್ನೆಟ್ ಚೆನ್ನಾಗಿ ಬಂತು. ಲ್ಯಾಂಡ್‌ಲೈನ್ ಕೂಡ ಬಂತು. ಆದರೆ ಹಳೇ ನಂಬರ್ ಅಲ್ಲ, 022ರಿಂದ ಶುರುವಾಗುವ ಹೊಸದು. ಫೋನಿನ ತಂತಿ ಈಗ ಗೋಡೆಯಿಂದ ಬರುವುದಿಲ್ಲ, ಫೈಬರ್ ಡಬ್ಬಿಯ ಹಿಂದಿನ ಚಿಕ್ಕ ತೂತಿನಿಂದ ಬರುತ್ತದೆ. ಹಾಗಾಗಿ ಕರೆಂಟ್ ಹೋದರೆ ಫೋನೂ ಹೋಯಿತು. ಹಳೇ ತಂತಿಗೆ ಎಕ್ಸ್‌ಚೇಂಜ್‌ನಿಂದಲೇ ಕರೆಂಟ್ ಬರುತ್ತಿತ್ತು. ವಯಸ್ಸಾದವರು ಇಬ್ಬರೇ ಇರುವ ಮನೆ ಎಂದು ಆ ಡಬ್ಬಿಗೆ ಒಂದು ಸಣ್ಣ ಯುಪಿಎಸ್ ಹಾಕಿಸಿದರು. ಅಲ್ಲಿಗೆ ಅದು ಮುಗಿಯಿತು.

ಕಷ್ಟ ಶುರುವಾದದ್ದು ಟಿವಿಯಲ್ಲಿ. ಅಮ್ಮ ಝೀ5 ಆ್ಯಪ್ ತೆರೆದರೆ "ಪ್ರೀಮಿಯಂ ಕೊಳ್ಳಿ" ಎಂದು ಬರುತ್ತಿತ್ತು. ಸನ್ ನೆಕ್ಸ್ಟ್ ಕೂಡ ಹಾಗೇ. ಜಿಯೋಹಾಟ್‌ಸ್ಟಾರ್‌ನಲ್ಲಿ ರಾಯರು ತಮ್ಮ ಮೊಬೈಲ್ ನಂಬರಿನಿಂದ ಲಾಗಿನ್ ಆದರು. ಅಲ್ಲೂ ಚಂದಾ ಕಟ್ಟಿ ಎಂದೇ ಬಂತು. ಬಿಲ್ಲಿನ ಮೇಲೆ ಲ್ಯಾಂಡ್‌ಲೈನ್ ನಂಬರ್ ಇತ್ತಲ್ಲ, ಅದನ್ನೇ ಹಾಕಿ ನೋಡಿದರು. ಲ್ಯಾಂಡ್‌ಲೈನಿಗೆ ಓಟಿಪಿ ಮೆಸೇಜ್ ಎಲ್ಲಿಂದ ಬರಬೇಕು?

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪ್ರತಿ ಸಲವೂ ಒಂದೇ ಉತ್ತರ: "ಸರ್, ನಮ್ಮ ಕಡೆಯಿಂದ ಎಲ್ಲಾ ಆ್ಯಪ್ ಆಕ್ಟಿವ್ ಇದೆ." ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಕಂಪ್ಯೂಟರಿನಲ್ಲಿ ಹಾಗೇ ಕಾಣುತ್ತಿತ್ತು. ಆದರೆ ರಾಯರ ಟಿವಿಯಲ್ಲಿ ಒಂದೂ ಓಡುತ್ತಿರಲಿಲ್ಲ.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಆಗಿತ್ತು. ಮಗನ ಮೊಬೈಲಿಗೆ ಕಂಪನಿಯಿಂದ ನೆಟ್‌ಫ್ಲಿಕ್ಸ್ ಲಿಂಕ್ ಬಂತು. ಒತ್ತಿದ. ಅವನ ಫೋನಿನಲ್ಲಿ ಅವನದೇ ನೆಟ್‌ಫ್ಲಿಕ್ಸ್ ಖಾತೆ ತೆರೆದೇ ಇತ್ತು, ಪ್ಯಾಕೇಜ್ ಸೀದಾ ಅದಕ್ಕೆ ಅಂಟಿಕೊಂಡಿತು. ಅವನು ಅದುವರೆಗೆ ಕಾರ್ಡಿನಿಂದ ತಿಂಗಳಿಗೆ 499 ಕೊಟ್ಟು ಸ್ಟ್ಯಾಂಡರ್ಡ್ ಪ್ಲಾನ್ ಇಟ್ಟುಕೊಂಡಿದ್ದ. ಅದರಲ್ಲಿ ಒಂದೇ ಹೊತ್ತಿಗೆ ಎರಡು ಕಡೆ ನೋಡಬಹುದು, ಫುಲ್ ಎಚ್‌ಡಿ. ಬ್ರಾಡ್‌ಬ್ಯಾಂಡ್ ಜೊತೆ ಬಂದದ್ದು 199ರ ಬೇಸಿಕ್. ಒಂದೇ ಸಾಧನ, 720ಪಿ. ಲಿಂಕ್ ಮಾಡುವಾಗ ಪರದೆಯಲ್ಲಿ ಪ್ಲಾನಿನ ಹೆಸರು ಬಂದಿತ್ತು, ಅವನು ಮುಂದೆ ಮುಂದೆ ಎಂದು ಒತ್ತುತ್ತಾ ಹೋದ. ಆ ರಾತ್ರಿ ಸೊಸೆ ಟಿವಿಯಲ್ಲಿ ಏನೋ ನೋಡುತ್ತಿದ್ದರೆ ಇವನ ಫೋನಿನಲ್ಲಿ ಓಡಲಿಲ್ಲ. ಆಗ ಗೊತ್ತಾಯಿತು.

ಮಾಡಿ ನೋಡಿದ್ದು

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ. ಮಗ ತನ್ನ ನೆಟ್‌ಫ್ಲಿಕ್ಸ್ ಪಾಸ್‌ವರ್ಡ್ ಅಪ್ಪನಿಗೆ ಕಳಿಸಿದ. ಟಿವಿಯಲ್ಲಿ ಹಾಕಿದರೆ, ಈ ಟಿವಿ ನಿಮ್ಮ ಮನೆಯದ್ದಲ್ಲ ಎಂಬ ಅರ್ಥದ ಸೂಚನೆ ಬಂತು. ಭಾರತದಲ್ಲಿ ನೆಟ್‌ಫ್ಲಿಕ್ಸ್ ಜುಲೈ 2023ರಿಂದ ಒಂದು ಖಾತೆ ಒಂದು ಮನೆಗೆ ಎಂಬ ನಿಯಮ ಹಾಕಿದೆ. ಬೆಂಗಳೂರಿನ ಮನೆಯ ಖಾತೆ ಮುಂಬೈನ ಟಿವಿಯಲ್ಲಿ ನಿಲ್ಲುವುದಿಲ್ಲ. ಅಂದರೆ ಮುಂಬೈನ ಬಿಲ್ಲಿನಲ್ಲಿದ್ದ ನೆಟ್‌ಫ್ಲಿಕ್ಸ್ ಬೆಂಗಳೂರಿನಲ್ಲಿ ಓಡುತ್ತಿತ್ತು. ಬಿಲ್ ಇದ್ದ ಮನೆಯಲ್ಲಿ ಓಡುತ್ತಿರಲಿಲ್ಲ.

ಎರಡನೆಯದು ಫೋನಿನಲ್ಲಿ ಓಟಿಪಿ ಹೇಳಿಸಿಕೊಳ್ಳುವುದು. ನಾನು ಅವರ ಮನೆಗೆ ಹೋದ ಸಂಜೆ ಇದೇ ನಡೆಯುತ್ತಿತ್ತು. ಅಮ್ಮ ಒಂದು ಕೈಯಲ್ಲಿ ರಿಮೋಟ್, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಮಗನಿಗೆ ಹೇಳುತ್ತಿದ್ದರು: "ಮಾರಾಯ, ಬಂತಾ ನಂಬರ್? ಇಲ್ಲಿ ಸೆಕೆಂಡ್ ಓಡ್ತಾ ಉಂಟು." ಮಗ ಮೀಟಿಂಗ್‌ನಲ್ಲಿದ್ದ. "ಅಮ್ಮಾ, ಒಂದ್ನಿಮಿಷ." ಅವನು ಮೆಸೇಜ್ ತೆರೆಯುವಷ್ಟರಲ್ಲಿ ಓಟಿಪಿಯ ಕಾಲ ಮುಗಿಯಿತು. ಮತ್ತೆ ಕಳಿಸಿ ಎಂದು ಒತ್ತಿದರು, ಅಷ್ಟರಲ್ಲಿ ಅವನು ಹಳೇ ನಂಬರನ್ನೇ ಓದಿ ಹೇಳಿದ. ಹೀಗೆ ಹಲವು ಸಲ ಆದ ಮೇಲೆ ಆ್ಯಪ್ ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದು ಬಾಗಿಲು ಹಾಕಿತು. ರಾಯರು ಬೇಸತ್ತು, "ಕೇಬಲೇ ಹಾಕಿಸುವ ಮಾರಾಯ್ರೆ, ಈ ತಲೆಬಿಸಿ ಯಾಕೆ?" ಎಂದರು.

ಮೂರನೆಯದು ದೂರು. ಕಸ್ಟಮರ್ ಕೇರ್‌ನಲ್ಲಿ "ಓಟಿಟಿ ಬರುತ್ತಿಲ್ಲ" ಎಂದು ಬರೆಸಿದರು. ಡಾಕೆಟ್ ನಂಬರ್ ಸಿಕ್ಕಿತು. ಎರಡೇ ದಿನಕ್ಕೆ "ಪರಿಹರಿಸಲಾಗಿದೆ" ಎಂದು ಮೆಸೇಜ್ ಬಂತು, ಅದೂ ಮಗನ ಮೊಬೈಲಿಗೆ. ಏನೂ ಬದಲಾಗಿರಲಿಲ್ಲ.

ತಿರುವು

ನಾನು ಕೆಲವು ವರ್ಷ ಇದೇ ಲೈನಿನಲ್ಲಿ ಕೆಲಸ ಮಾಡಿದವನು. ಹಾಗಾಗಿ ಒಂದು ಕಾಗದ ತೆಗೆದುಕೊಂಡು ಪ್ಲಾನಿನ ಆ್ಯಪ್‌ಗಳನ್ನು ಬರೆಯಲು ಕೂತೆವು. ಪೋಸ್ಟರಿನಲ್ಲಿದ್ದ ಇಪ್ಪತ್ತೂ ಅಲ್ಲ, ಈ ಮನೆಗೆ ಬೇಕಾದವು ಮಾತ್ರ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ. ಯಾವ ಆ್ಯಪ್ ತೆರೆದರೆ ಇದು ಓಡುತ್ತದೆ? ಯಾವ ನಂಬರ್ ಅಥವಾ ಖಾತೆಯಿಂದ? ಯಾವ ಪರದೆಯಲ್ಲಿ, ಮೊಬೈಲೋ ಟಿವಿಯೋ? ಇದೇ ಪ್ರಶ್ನೆಗಳನ್ನು ಇಟ್ಟುಕೊಂಡು ಕಸ್ಟಮರ್ ಕೇರ್‌ಗೆ ಮತ್ತೆ ಫೋನ್ ಮಾಡಿಸಿದೆ. "ಬರುತ್ತಿಲ್ಲ" ಎಂದಾಗ "ಆಕ್ಟಿವ್ ಇದೆ" ಎನ್ನುತ್ತಿದ್ದವರು, ಹೀಗೆ ಒಂದೊಂದಾಗಿ ಕೇಳಿದಾಗ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಟ್ಟರು. ಒಂದೇ ಪಟ್ಟಿಯಲ್ಲಿದ್ದ ಆ್ಯಪ್‌ಗಳು ನಿಜವಾಗಿ ಮೂರು ಜಾತಿಯವು.

ಒಂದು, ಖಾತೆಗೆ ಜೋಡಿಸುವಂಥವು. ನೆಟ್‌ಫ್ಲಿಕ್ಸ್, ಅಮೆಜಾನ್ ಪ್ರೈಮ್ ಈ ಜಾತಿ. ಕಂಪನಿ ಒಂದು ಲಿಂಕ್ ಕೊಡುತ್ತದೆ, ಅಥವಾ ತನ್ನ ಆ್ಯಪ್‌ನಲ್ಲಿ ಆಕ್ಟಿವೇಟ್ ಬಟನ್ ಇಡುತ್ತದೆ. ಅದನ್ನು ಒತ್ತಿ ನಿಮ್ಮ ಖಾತೆಗೆ ಲಾಗಿನ್ ಆಗುವ ತನಕ ಏನೂ ಶುರುವಾಗುವುದಿಲ್ಲ. ತಿಂಗಳುಗಟ್ಟಲೆ ಒತ್ತದೆ ಇದ್ದರೂ ಬಿಲ್ ಮಾತ್ರ ಪೂರ್ತಿಯೇ ಬರುತ್ತದೆ. ಯಾರು ಒತ್ತುತ್ತಾರೋ ಅವರ ಖಾತೆಗೆ ಅದು ಹೋಗುತ್ತದೆ.

ಎರಡು, ನಂಬರ್ ನೋಡಿ ಬಾಗಿಲು ತೆರೆಯುವಂಥವು. ಈ ಪ್ಲಾನಿನಲ್ಲಿ ಜಿಯೋಹಾಟ್‌ಸ್ಟಾರ್ ಹಾಗಿತ್ತು. ಲಿಂಕ್ ಇಲ್ಲ, ಕೂಪನ್ ಇಲ್ಲ. ಬ್ರಾಡ್‌ಬ್ಯಾಂಡಿಗೆ ಕೊಟ್ಟ ಮೊಬೈಲ್ ನಂಬರಿನಿಂದಲೇ ಲಾಗಿನ್ ಆದರೆ ಚಂದಾ ತಾನಾಗಿ ಕಾಣುತ್ತದೆ. ಬೇರೆ ನಂಬರಾದರೆ ನೀವು ಅದಕ್ಕೆ ಹೊಸಬರೇ. ರಾಯರ ನಂಬರಿಗೆ ಏನೂ ಸಿಗದೆ ಇದ್ದದ್ದು ಇದಕ್ಕೇ. ಇಲ್ಲಿ ಇನ್ನೊಂದು ನೋಡಬೇಕು. ಕೊಟ್ಟಿರುವುದು ಮೊಬೈಲ್ ಮಟ್ಟದ ಚಂದಾ ಆದರೆ ಅದು ಫೋನಿನಲ್ಲಿ ಮಾತ್ರ, ಟಿವಿಯಲ್ಲಿ ಬರುವುದಿಲ್ಲ. ಈ ಮನೆಯ ಪುಣ್ಯ, ಟಿವಿಗೂ ನಡೆಯುವ ಮಟ್ಟದ್ದೇ ಇತ್ತು.

ಮೂರನೇ ಜಾತಿಯೇ ಜಾಸ್ತಿ ಜನರನ್ನು ದಾರಿ ತಪ್ಪಿಸುವುದು. ಝೀ5, ಸೋನಿ ಲಿವ್, ಸನ್ ನೆಕ್ಸ್ಟ್ ಇವೆಲ್ಲ ಈ ಪ್ಲಾನಿನಲ್ಲಿ ಕಂಪನಿಯದೇ ಟಿವಿ ಆ್ಯಪ್‌ನ ಒಳಗೆ ಮಾತ್ರ ಸಿಗುತ್ತಿದ್ದವು. ಝೀ5ನ ಸ್ವಂತ ಆ್ಯಪ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಹೋಟೆಲಿನಲ್ಲಿ ಊಟದ ಜೊತೆ ಕೊಡುವ ಮಜ್ಜಿಗೆ ಹಾಗೆ, ಅಲ್ಲೇ ಕೂತು ಕುಡಿಯಬೇಕು. ಕಂಪನಿಯ ಆ್ಯಪ್ ತೆರೆದು, ಅದರಲ್ಲಿ ಧಾರಾವಾಹಿಯ ಹೆಸರು ಹುಡುಕಿ, ಅಲ್ಲೇ ಒತ್ತಿದರೆ ಓಡುತ್ತದೆ. ಅಮ್ಮ ಅಷ್ಟು ದಿನ ಝೀ5 ಆ್ಯಪ್ ತೆರೆದು ಕಾಯುತ್ತಿದ್ದರು. ಅಲ್ಲಿ ಎಂದೂ ಬರುವಂತಿರಲಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ಕಂಪನಿಯ ಆ್ಯಪ್‌ನ ಪ್ಲಾನ್ ಪುಟದಲ್ಲಿ ಆ ಹೆಸರಿನ ಪಕ್ಕ ಆಕ್ಟಿವೇಟ್ ಬಟನ್ ಇದ್ದರೆ ಅದು ಮೊದಲ ಜಾತಿ. ಬಟನ್ ಇಲ್ಲದೆ "ಈ ನಂಬರಿನಿಂದ ಲಾಗಿನ್ ಆಗಿ" ಎಂದಿದ್ದರೆ ಎರಡನೆಯದು. ಎರಡೂ ಇಲ್ಲದೆ ಬರೀ ಲೋಗೋ ಇದ್ದರೆ ಸಾಮಾನ್ಯವಾಗಿ ಮೂರನೆಯದು. ಒಂದೇ ಓಟಿಟಿ ಒಂದು ಕಂಪನಿಯ ಪ್ಲಾನಿನಲ್ಲಿ ಒಂದು ಜಾತಿ, ಇನ್ನೊಂದರಲ್ಲಿ ಇನ್ನೊಂದು ಜಾತಿ ಆಗಿರಬಹುದು. ಹಾಗಾಗಿ ಪಕ್ಕದ ಮನೆಯವರ ಅನುಭವ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಏನಾಯಿತು

ಮೊದಲು ನಂಬರ್ ಬದಲಿಸಿದೆವು. ಕಂಪನಿಯ ದಾಖಲೆಯಲ್ಲಿ ಮಗನ ನಂಬರ್ ತೆಗೆದು ರಾಯರದ್ದು ಹಾಕಬೇಕು. ಹಳೇ ನಂಬರಿಗೆ ಒಂದು ಓಟಿಪಿ, ಹೊಸದಕ್ಕೆ ಒಂದು. ಇದಕ್ಕಾಗಿ ಮಗ ಬಿಡುವು ಮಾಡಿಕೊಂಡು ಫೋನಿನಲ್ಲೇ ಕೂತ. ನಂಬರ್ ಅದೇ ದಿನ ಬದಲಾಯಿತು, ಜಿಯೋಹಾಟ್‌ಸ್ಟಾರ್ ಮಾತ್ರ ಬರಲಿಲ್ಲ. ಆ ತಿಂಗಳ ಚಂದಾ ಆಗಲೇ ಮಗನ ನಂಬರಿಗೆ ಹೋಗಿತ್ತು. ಮುಂದಿನ ಬಿಲ್ ಶುರುವಾದ ಮೇಲೆ ರಾಯರ ನಂಬರಿಗೆ ಬಂತು. ಅಷ್ಟು ದಿನ ಅವರು ಕ್ರಿಕೆಟ್ ನೋಡಲು ಪಕ್ಕದ ಮನೆಗೆ ಹೋಗಬೇಕಾಯಿತು.

ಆಮೇಲೆ ಕಂಪನಿಯ ಟಿವಿ ಆ್ಯಪ್. ರಾಯರ ಟಿವಿ ಸ್ಮಾರ್ಟ್ ಟಿವಿಯೇ, ಆದರೆ ಹಳೆಯದು, ಆಂಡ್ರಾಯ್ಡ್ ಅಲ್ಲ. ಅದರ ಆ್ಯಪ್ ಅಂಗಡಿಯಲ್ಲಿ ಝೀ5 ಇತ್ತು, ಕಂಪನಿಯ ಆ್ಯಪ್ ಇರಲಿಲ್ಲ. ಮೂರನೇ ಜಾತಿಯ ಎಲ್ಲಾ ಓಟಿಟಿಗಳೂ ಈ ಟಿವಿಗೆ ಸುಮ್ನೆ ಹೆಸರಿಗೆ ಮಾತ್ರ. ಕಂಪನಿಯ ಸೆಟ್‌ಟಾಪ್ ಬಾಕ್ಸ್ ಹಾಕಿಸಿಕೊಳ್ಳುವುದೊಂದೇ ಅವರಿಗೆ ಸುಲಭದ ದಾರಿ. ಪ್ಲಾನಿನಲ್ಲಿ ಅದಕ್ಕೆ ಅವಕಾಶ ಇತ್ತು, ಬುಕ್ ಮಾಡುವಾಗ ಯಾರೂ ಕೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಬಾಕ್ಸ್ ಬಂದ ದಿನ ಅಮ್ಮನ ಧಾರಾವಾಹಿ ಕೊನೆಗೂ ದೊಡ್ಡ ಪರದೆಯಲ್ಲಿ ಬಂತು.

ಅಷ್ಟರಲ್ಲಿ ಅಮ್ಮನ ಮೊಬೈಲಿಗೆ ಬ್ಯಾಂಕಿನಿಂದ ಒಂದು ಮೆಸೇಜ್: ನಾಳೆ ಝೀ5ಗೆ ಇಷ್ಟು ದುಡ್ಡು ಕಡಿತ ಆಗಲಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಆಟೋಪೇ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಹೀಗೆ ತಿಳಿಸಬೇಕು. ಅಮ್ಮ ಹಿಂದೊಮ್ಮೆ ಯುಪಿಐನಿಂದ ಝೀ5 ಚಂದಾ ಕಟ್ಟಿದ್ದರು, ಮೊಬೈಲಿನಲ್ಲಿ ನೋಡಲು. ಅದು ನವೀಕರಣಕ್ಕೆ ಬಂದಿತ್ತು. "ಬಿಲ್ಲಿನಲ್ಲೇ ಝೀ5 ಉಂಟಲ್ಲ, ಇದು ಯಾಕೆ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಇಂಥ ಪ್ಲಾನ್ ತೆಗೆದುಕೊಂಡರೆ ಹಳೇ ಚಂದಾ ತಾನಾಗಿ ನಿಲ್ಲುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮಗನ ನೆಟ್‌ಫ್ಲಿಕ್ಸ್‌ನಲ್ಲಿ ಹಾಗಾಯಿತು, ನಿಜ. ಲಿಂಕ್ ಮಾಡಿದ ಕೂಡಲೇ ಕಾರ್ಡಿನಿಂದ ಕಡಿತ ನಿಂತು ಪ್ಯಾಕೇಜ್ ಅದರ ಜಾಗಕ್ಕೆ ಬಂತು. ಆದರೆ ಮೂರನೇ ಜಾತಿಯಲ್ಲಿ ಕಂಪನಿಯ ಆ್ಯಪ್‌ಗೆ ನಿಮ್ಮ ಸ್ವಂತ ಝೀ5 ಖಾತೆಯ ವಿಷಯವೇ ಗೊತ್ತಿರುವುದಿಲ್ಲ. ಎರಡೂ ಪಕ್ಕಪಕ್ಕ ಓಡುತ್ತಲೇ ಇರುತ್ತವೆ, ಎರಡಕ್ಕೂ ದುಡ್ಡು ಹೋಗುತ್ತಲೇ ಇರುತ್ತದೆ. ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ಆ ಮ್ಯಾಂಡೇಟ್, ಅಂದರೆ ತಾನಾಗಿ ದುಡ್ಡು ಕಡಿತ ಮಾಡಲು ಕೊಟ್ಟ ಒಪ್ಪಿಗೆ, ರದ್ದು ಮಾಡಿದರು. ಟಿವಿಯಿಂದ ಝೀ5 ಆ್ಯಪ್ ತೆಗೆದುಹಾಕಿದರೆ ಕಡಿತ ನಿಲ್ಲುವುದಿಲ್ಲ, ಮ್ಯಾಂಡೇಟೇ ಹೋಗಬೇಕು.

ಪ್ರೈಮ್‌ನದ್ದು ಬೇರೆ ಕಥೆ. ರಾಯರ ಅಮೆಜಾನ್ ಖಾತೆಯಲ್ಲಿ ವರ್ಷದ ಪ್ರೈಮ್ ಆಗಲೇ ಇತ್ತು. ಆಕ್ಟಿವೇಟ್ ಒತ್ತಿದರೆ, ನೀವು ಈಗಾಗಲೇ ಸದಸ್ಯರು ಎಂದು ಅಲ್ಲೇ ನಿಂತಿತು. ಪ್ಲಾನಿನಲ್ಲಿದ್ದದ್ದು ಪ್ರೈಮ್ ಲೈಟ್, ಪೂರ್ತಿ ಪ್ರೈಮ್‌ಗಿಂತ ಕಡಿಮೆ. ರಾಯರು ಅಮೆಜಾನ್‌ನಲ್ಲಿ ಅಷ್ಟೇನೂ ಸಾಮಾನು ತರಿಸುವವರಲ್ಲ, ಲೈಟ್ ಸಾಕು ಎಂದರು. ಹಳೆಯದರ ಆಟೋ ರಿನ್ಯೂವಲ್ ತೆಗೆದು, ಅದು ಮುಗಿದ ಮೇಲೆ ಲೈಟ್ ಒತ್ತುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು.

ಉಳಿದದ್ದು ನೆಟ್‌ಫ್ಲಿಕ್ಸ್. ಅದನ್ನು ಮಗನ ಖಾತೆಯಿಂದ ಬಿಡಿಸಿ, ಅಪ್ಪ ಅಮ್ಮನ ಹೆಸರಿನಲ್ಲಿ ಹೊಸ ಖಾತೆ ತೆಗೆದು ಅದಕ್ಕೆ ಜೋಡಿಸೋಣ ಎಂದು ಮಗ ಹೇಳಿದ. ಆಗ ಅಮ್ಮ ಕೇಳಿದರು: "ನಮಗೆ ಅದು ಬೇಕಾ?" ಎಲ್ಲರೂ ಸುಮ್ಮನಾದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಇದೇ ದೊಡ್ಡ ತಿರುವು. ಅಲ್ಲಿಯ ತನಕ ಎಲ್ಲರೂ ಕೊಟ್ಟದ್ದನ್ನೆಲ್ಲ ಓಡಿಸುವುದು ಹೇಗೆ ಎಂದೇ ಯೋಚಿಸುತ್ತಿದ್ದೆವು.

ಲೆಕ್ಕ ಹಾಕಿ ನೋಡಿದೆವು. 999ರ ಪ್ಲಾನ್ ಜಿಎಸ್‌ಟಿ ಸೇರಿ 1178 ರೂಪಾಯಿ 82 ಪೈಸೆ. ಎರಡರ ನಡುವೆ ತಿಂಗಳಿಗೆ ಸರಿಯಾಗಿ 590 ರೂಪಾಯಿ ವ್ಯತ್ಯಾಸ. ಝೀ5, ಸನ್ ನೆಕ್ಸ್ಟ್, ಜಿಯೋಹಾಟ್‌ಸ್ಟಾರ್, ಪ್ರೈಮ್ ಲೈಟ್ ಚಿಕ್ಕ ಪ್ಲಾನಿನಲ್ಲೂ ಇದ್ದವು. ದೊಡ್ಡದರಲ್ಲಿ ಹೆಚ್ಚಿಗೆ ಸಿಗುತ್ತಿದ್ದದ್ದು 199ರ ನೆಟ್‌ಫ್ಲಿಕ್ಸ್ ಬೇಸಿಕ್ ಮತ್ತು ಇನ್ನಷ್ಟು ವೇಗ. ಇಬ್ಬರೇ ಇರುವ ಮನೆಗೆ ಚಿಕ್ಕ ಪ್ಲಾನಿನ ವೇಗವೇ ಧಾರಾಳ. 590 ಕೊಟ್ಟು 199ರದ್ದು ಕೊಂಡ ಹಾಗಾಯಿತು, ಅಲ್ವಾ? ಅದೂ ಆ ಮನೆಯಲ್ಲಿ ಯಾರೂ ನೋಡದೆ ಇದ್ದದ್ದು.

ಚಿಕ್ಕ ಪ್ಲಾನಿಗೆ ಇಳಿಯುವುದೆಂದು ತೀರ್ಮಾನ ಆಯಿತು. ಇಳಿಯುವ ಮೊದಲು ಮಗ ತನ್ನ ನೆಟ್‌ಫ್ಲಿಕ್ಸ್‌ಗೆ ಕಾರ್ಡ್ ಮತ್ತೆ ಹಾಕಿ ಸ್ಟ್ಯಾಂಡರ್ಡ್‌ಗೆ ಹೋಗಲು ಸಿದ್ಧ ಮಾಡಿಕೊಂಡ. ಪ್ಯಾಕೇಜ್ ನಿಂತಾಗ ದುಡ್ಡು ಕಟ್ಟುವ ದಾರಿ ಇಲ್ಲದಿದ್ದರೆ ಖಾತೆ ತಡೆಹಿಡಿಯಲ್ಪಡುತ್ತದೆ. ಬದಲಾವಣೆಯನ್ನು ಬಿಲ್ಲಿನ ತಿಂಗಳು ಮುಗಿಯುವ ದಿನಕ್ಕೆ ಇಟ್ಟುಕೊಂಡರು, ನಡುವೆ ಮಾಡಿದರೆ ಲೆಕ್ಕ ಗೋಜಲಾಗುತ್ತದೆ. ಪ್ಲಾನ್ ಬದಲಾದ ಮೇಲೆ ಎರಡು ದಿನ ಸನ್ ನೆಕ್ಸ್ಟ್ ಕಾಣಲಿಲ್ಲ. ಬಾಕ್ಸಿನಲ್ಲಿ ಲಾಗೌಟ್ ಆಗಿ ಮತ್ತೆ ಲಾಗಿನ್ ಆದಾಗ ಬಂತು. ಈ ಸಲ ಓಟಿಪಿ ರಾಯರ ಜೇಬಿನಲ್ಲಿದ್ದ ಫೋನಿಗೇ ಬಂತು.

ಇದರಿಂದ ಕಲಿತದ್ದು

ಆಮೇಲೆ ನಮ್ಮ ಸೊಸೈಟಿಯ ಬೇರೆ ಮನೆಯವರು ಇಂಥ ಪ್ಲಾನ್ ತೆಗೆದುಕೊಳ್ಳುವಾಗ ನನ್ನನ್ನು ಕೇಳುವುದುಂಟು. ನಾನು ಮೊದಲು ಕೇಳುವುದು, ಟಿವಿಯ ಮುಂದೆ ಕೂರುವವರು ಯಾರು ಎಂದು. ಬ್ರಾಡ್‌ಬ್ಯಾಂಡಿಗೆ ಅವರ ಮೊಬೈಲ್ ನಂಬರ್ ಕೊಡಬೇಕು, ಬಿಲ್ ಕಟ್ಟುವವರದ್ದಲ್ಲ. ಬಿಲ್ ಎಲ್ಲಿಂದಲಾದರೂ ಯಾರಾದರೂ ಕಟ್ಟಬಹುದು, ಅದಕ್ಕೆ ಕನೆಕ್ಷನ್ ನಂಬರ್ ಸಾಕು. ಓಟಿಪಿ ಮಾತ್ರ ದೂರದಿಂದ ಆಗುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದು ಇಲ್ಲಿ ಅಪ್ಪ ಅಮ್ಮನಿಗೆ ಕನೆಕ್ಷನ್ ಹಾಕಿಸುವ ಮನೆಗಳಲ್ಲಿ ಇದೊಂದು ವಿಷಯ ಮೊದಲೇ ಸರಿಯಾದರೆ ಅರ್ಧ ತಲೆನೋವು ಹೋಗುತ್ತದೆ.

ಮಾರಲು ಬಂದ ಹುಡುಗರ ಹತ್ತಿರ "ಎಷ್ಟು ಆ್ಯಪ್ ಇದೆ" ಎಂದು ಕೇಳಿ ಪ್ರಯೋಜನವಿಲ್ಲ. "ನನ್ನ ಈ ಟಿವಿಯಲ್ಲಿ ಝೀ5ನ ಧಾರಾವಾಹಿ ಯಾವ ಆ್ಯಪ್‌ನಲ್ಲಿ ಬರುತ್ತದೆ, ಒಮ್ಮೆ ಹಾಕಿ ತೋರಿಸಿ" ಎನ್ನಬೇಕು. ಕನೆಕ್ಷನ್ ಹಾಕಲು ಬಂದವರು ಮನೆಯಲ್ಲಿರುವಾಗಲೇ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಅವರು ಹೋದ ಮೇಲೆ ಉಳಿಯುವುದು ಕಸ್ಟಮರ್ ಕೇರ್ ಮಾತ್ರ.

ದೂರು ಕೊಡುವಾಗಲೂ ಹಾಗೇ. "ಓಟಿಟಿ ಬರುತ್ತಿಲ್ಲ" ಎಂದು ಬರೆಸಿದರೆ ಅವರು ತಮ್ಮ ಪರದೆ ನೋಡಿ ಮುಚ್ಚಿಬಿಡುತ್ತಾರೆ. ಆ್ಯಪ್‌ನ ಹೆಸರು, ಲಾಗಿನ್ ಆದ ನಂಬರ್, ಟಿವಿ ಅಥವಾ ಬಾಕ್ಸಿನ ಮಾದರಿ, ಪರದೆಯಲ್ಲಿ ಬಂದ ಸೂಚನೆಯ ಫೋಟೋ, ಇಷ್ಟು ಕೊಟ್ಟು ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಬೇಕು. ಸುಮ್ಮನೆ ಮುಚ್ಚಿದರೆ ಅದೇ ನಂಬರ್ ಹೇಳಿ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು. ಪ್ರತಿ ಟೆಲಿಕಾಂ ಕಂಪನಿಯಲ್ಲೂ ಅದು ಇರಲೇಬೇಕು, ಅಪೀಲಿಗೆ ದುಡ್ಡು ಕಟ್ಟಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ರಾಯರ ಮನೆಯಲ್ಲಿ ಅಲ್ಲಿಯ ತನಕ ಹೋಗುವ ಅಗತ್ಯ ಬೀಳಲಿಲ್ಲ.

ಇನ್ನೊಂದು ವಿಷಯಕ್ಕೆ ನಾನೀಗ ಒತ್ತಿ ಹೇಳುತ್ತೇನೆ. ಆಕ್ಟಿವೇಟ್ ಲಿಂಕ್ ಒತ್ತುವ ಮೊದಲು ಆ ಫೋನಿನಲ್ಲಿ ಯಾರ ಖಾತೆ ತೆರೆದಿದೆ ಎಂದು ನೋಡಿಕೊಳ್ಳಿ. ಪರದೆಯಲ್ಲಿ ಬರುವ ಪ್ಲಾನಿನ ಹೆಸರು ಈಗಿರುವುದಕ್ಕಿಂತ ಕೆಳಗಿನದ್ದಾದರೆ ಅಲ್ಲೇ ನಿಲ್ಲಿಸಿ. ಒಮ್ಮೆ ಅಂಟಿದ್ದನ್ನು ಬಿಡಿಸಲು ಓಟಿಟಿಯವರು ಬ್ರಾಡ್‌ಬ್ಯಾಂಡ್‌ನವರನ್ನು ಕೇಳಿ ಎನ್ನುತ್ತಾರೆ, ಇವರು ಅವರನ್ನು ಕೇಳಿ ಎನ್ನುತ್ತಾರೆ. ಆಕ್ಟಿವೇಟ್ ಆದ ವಾರದಲ್ಲೇ ಬ್ಯಾಂಕಿನ ಆ್ಯಪ್ ಮತ್ತು ಯುಪಿಐನಲ್ಲಿರುವ ಆಟೋಪೇ ಪಟ್ಟಿಯನ್ನು ತೆಗೆದು, ಬಿಲ್ಲಿನಲ್ಲಿ ಈಗ ಸಿಗುತ್ತಿರುವ ಹೆಸರು ಅಲ್ಲೂ ಇದೆಯೇ ಎಂದು ನೋಡಿ. ಅಮ್ಮನಿಗೆ ಆ 24 ಗಂಟೆಯ ಮೆಸೇಜ್ ಕಣ್ಣಿಗೆ ಬೀಳದೆ ಹೋಗಿದ್ದರೆ ಝೀ5ಗೆ ಎರಡೆರಡು ಕಡೆ ದುಡ್ಡು ಹೋಗುತ್ತಲೇ ಇರುತ್ತಿತ್ತು.